ಕೊನೆಗಿಟ್ಟ ಹದಿನಾಲ್ಕನೇ ಪ್ರಶ್ನೆ

ಆ ಮೆಸೇಜನ್ನು ನಾನು ಇನ್ನೂ ಅಳಿಸಿಲ್ಲ. ಹದಿನಾಲ್ಕು ಪ್ರಶ್ನೆಗಳು, ಒಂದೊಂದಕ್ಕೂ ನಂಬರು. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಈಗ ಅದನ್ನು ಕೊನೆಯವರೆಗೆ ಓದಲಾಗುವುದಿಲ್ಲ.

ಕುಶಾಲನಗರದಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೊ. ಮದುವೆಯ ವಿಡಿಯೊ ಎಡಿಟ್ ಮಾಡಿಕೊಡುತ್ತೇನೆ. ಡ್ರೋನ್ ಹಾರಿಸಿ ತೆಗೆದ ದೊಡ್ಡ ದೊಡ್ಡ ಫೈಲುಗಳಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಲದು, ಗೇಮ್ ಆಡುವವರ ಲ್ಯಾಪ್‌ಟಾಪೇ ಬೇಕು. ಹೊಸದು ಕೊಳ್ಳುವ ತಾಕತ್ತಿಲ್ಲದೆ ಹಿಂದಿನ ವರ್ಷ ಒಂದು ಹಳೆಯದನ್ನು ತಂದಿದ್ದೆ. ಹತ್ತು ನಿಮಿಷ ಕುದುರೆಯ ಹಾಗೆ ಓಡಿ, ಬಿಸಿಯಾದ ಮೇಲೆ ತೆವಳುತ್ತಿತ್ತು. ಕೊನೆಗೆ ಅದರ ಬ್ಯಾಟರಿಯೂ ಊದಿಕೊಂಡಿತು. ರಿಪೇರಿಯವನು ಹಿಂಬದಿ ಬಿಚ್ಚಿ ತೋರಿಸಿದಾಗ ಒಳಗೆ ಪುಟ್ಟ ದಿಂಬಿನಂಥದ್ದು ಕಂಡಿತು. ಅವನು ಅದನ್ನು ಎರಡು ಬೆರಳಲ್ಲಿ ಹಿಡಿದು ಹೊರಗೊಯ್ದು ಮರಳಿನ ಬಕೆಟ್ಟಿನಲ್ಲಿಟ್ಟು ಬಂದ. "ಅಕ್ಕ, ಇದನ್ನ ಚಾರ್ಜಿಗೆ ಹಾಕಿ ಮನೆಯೊಳಗೆ ಇಟ್ಕೊಂಡಿದ್ರಲ್ಲ, ನಿಮ್ಮ ಅದೃಷ್ಟ ಚೆನ್ನಾಗಿತ್ತು," ಎಂದ. ನಾನು ಆ ಮಾತಿಗೆ ಕಿವಿಗೊಡಲಿಲ್ಲ. ಹೊಸ ಬ್ಯಾಟರಿ ಹಾಕಿಸಬಹುದು, ಸುಸ್ತಾದ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಲಾಗದು ಎಂಬುದಷ್ಟೇ ತಲೆಗೆ ಹೋಯಿತು.

ನನಗೆ ಮೊದಲೇ ಮುಂಗೋಪ. ಮೋಸ ಹೋದ ಮೇಲೆ ಅನುಮಾನವೂ ಜೊತೆಯಾಯಿತು. ಮದುವೆಯ ಸೀಸನ್ನಿಗೆ ಎರಡು ತಿಂಗಳಿರುವಾಗ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡಿತು. ಗ್ರಾಫಿಕ್ಸ್ ಕಾರ್ಡ್ ನೂರ ಹದಿನೈದು ವ್ಯಾಟ್, ಹದಿನಾರು ಜಿಬಿ ರ್‍ಯಾಮ್, ಹೊಸದರಂತೆ ಓಡುತ್ತದೆ. ಮಾರುವವರು ಕರಿಕೆ ಕಡೆಯ ಒಂದು ಎಸ್ಟೇಟಿನ ರೈಟರ್, ಕೂಲಿಯವರ ಲೆಕ್ಕ ಬರೆಯುವವರು. ಗೇಮ್ ಆಡಲೆಂದು ಆಸೆಪಟ್ಟು ಕೊಂಡಿದ್ದರಂತೆ. ಈಗ ಮನೆಯಲ್ಲಿ ನಾಲ್ಕು ತಿಂಗಳ ಮಗು, ಆಡಲು ಬಿಡುವಿಲ್ಲವಂತೆ. ಎಲ್ಲ ಮಾರುವವರೂ ಹೀಗೆಯೇ ಏನಾದರೊಂದು ಮುದ್ದಾದ ಕಾರಣ ಹೇಳುತ್ತಾರೆ ಎಂದುಕೊಂಡು ಪ್ರಶ್ನೆಗಳನ್ನು ಬರೆಯಲು ಕೂತೆ.

ಒಂದನೆಯದು ಮಾಡೆಲ್ ಮತ್ತು ಪ್ರೊಸೆಸರಿನ ಹೆಸರು, ಸೆಟ್ಟಿಂಗ್ಸ್ ಪರದೆಯ ಫೋಟೊ ಸಮೇತ. ಎರಡನೆಯದು ರ್‍ಯಾಮ್ ಒಂದೇ ಕಡ್ಡಿಯೋ ಎರಡೋ. ಮೂರನೆಯದು ಚಾರ್ಜರ್ ಲ್ಯಾಪ್‌ಟಾಪಿನ ಜೊತೆ ಬಂದದ್ದೇ? ಅದರ ಮೇಲಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಎಂದಿದೆ? ಹೀಗೆ ಸಾಗಿ, ಐದರಲ್ಲಿ ಬ್ಯಾಟರಿ ರಿಪೋರ್ಟ್ ತೆಗೆದು ಹೊಸದಿದ್ದಾಗಿನ ಸಾಮರ್ಥ್ಯ, ಈಗಿನ ಸಾಮರ್ಥ್ಯ ಎರಡನ್ನೂ ಕಳಿಸಿ ಎಂದೆ. ಏಳರಲ್ಲಿ ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ತೋರಿಸಿ, ಬೆಳಗದ ಸತ್ತ ಚುಕ್ಕಿ ಇದೆಯೇ ನೋಡಬೇಕು ಎಂದೆ. ಎಂಟರಲ್ಲಿ, ಮಳೆಗಾಲದಲ್ಲಿ ಎಲ್ಲಿಟ್ಟಿದ್ದಿರಿ, ತೂತುಗಳಲ್ಲಿ ತುಕ್ಕು, ಬೂಷ್ಟು ಇದೆಯೇ?

ನನ್ನ ಹೆಮ್ಮೆಯ ಒಂಬತ್ತನೆಯದನ್ನು ಇಲ್ಲಿ ಇದ್ದ ಹಾಗೆಯೇ ಕೊಡುತ್ತೇನೆ.

"ಗಟ್ಟಿ ಮೇಜಿನ ಮೇಲೆ, ಗಾಳಿಯಾಡುವ ಕಿಟಕಿಯ ಹತ್ತಿರ ಇಟ್ಟು, ಚಾರ್ಜರ್ ಹಾಕಿಯೇ, ಪರ್ಫಾರ್ಮೆನ್ಸ್ ಮೋಡ್‌ನಲ್ಲಿ, ಭಾರದ ಗೇಮ್ ಒಂದನ್ನು ಮೂವತ್ತು ನಿಮಿಷ ಓಡಿಸಿ. ಮೊದಲ ನಿಮಿಷದಲ್ಲಿ ಮತ್ತು ಕೊನೆಯ ನಿಮಿಷದಲ್ಲಿ ಗ್ರಾಫಿಕ್ಸ್ ಕಾರ್ಡಿನ ಬಿಸಿ, ವ್ಯಾಟ್, ಫ್ರೇಮ್ ಎಷ್ಟು ಎಂದು ಪರದೆಯ ವಿಡಿಯೊ ತೆಗೆಯಿರಿ. ಮಧ್ಯೆ ನಿಲ್ಲಿಸಬೇಡಿ. ಕರೆಂಟ್ ಹೋದರೆ ಮೊದಲಿನಿಂದ ಶುರು ಮಾಡಿ."

ಹತ್ತನೆಯದು, ಅದಾದ ಮೇಲೆ ನೂರು ಪರ್ಸೆಂಟ್ ಚಾರ್ಜ್ ಮಾಡಿ, ಚಾರ್ಜರ್ ತೆಗೆದು, ವಿಡಿಯೊ ಹಾಕಿ ಎಷ್ಟು ಹೊತ್ತು ಬರುತ್ತದೆ ನೋಡಿ. ಆಮೇಲೆ ಕೀಬೋರ್ಡು, ಸ್ಪೀಕರು, ಕ್ಯಾಮೆರಾದಂಥ ಚಿಲ್ಲರೆಗಳು. ಎಲ್ಲಕ್ಕಿಂತ ಕೊನೆಗೆ ಹದಿನಾಲ್ಕನೆಯದು: ಮುಚ್ಚಿದರೆ ಸರಿಯಾಗಿ ಮುಚ್ಚುತ್ತದೆಯೇ? ಮೇಜಿನ ಮೇಲೆ ಅಲುಗಾಡದೆ ಕೂರುತ್ತದೆಯೇ? ಬೆರಳಾಡಿಸುವ ಟಚ್‌ಪ್ಯಾಡ್ ಎಲ್ಲಿಯಾದರೂ ಎದ್ದಿದೆಯೇ?

ರೈಟರ್ ಬೇಸರಿಸಿಕೊಳ್ಳಲಿಲ್ಲ. "ಆಯ್ತು ಮೇಡಂ, ನಾಳೆ ರಜೆ ಉಂಟು. ಒಂದೊಂದಾಗಿ ಮಾಡಿ ಕಳಿಸ್ತೇನೆ. ಕ್ವಾರ್ಟರ್ಸಲ್ಲಿ ನೆಟ್‌ವರ್ಕ್ ಇಲ್ಲ, ಕಾಫಿ ಒಣಗಿಸುವ ಕಣದ ಮೇಲಿನ ದಿಣ್ಣೆಗೆ ಬಂದು ಕಳಿಸ್ಬೇಕು, ಸ್ವಲ್ಪ ತಡ ಆಗ್ತದೆ," ಎಂದು ಬರೆದರು. ಇಷ್ಟು ಮರ್ಯಾದೆ ತೋರಿಸುವವರು ಏನನ್ನೋ ಮುಚ್ಚಿಡುತ್ತಿರಬೇಕು ಎಂದುಕೊಂಡೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮೊದಲ ನಾಲ್ಕು ಉತ್ತರಗಳು ಬಂದವು. ಹಾಜರಿ ಪುಸ್ತಕ ಬರೆದು ಪಳಗಿದ ಕೈ. ನಂಬರು ಹಾಕಿ, ಫೋಟೊ ಇಟ್ಟು, ಕೆಳಗೆ "ಮುಗಿಯಿತು" ಎಂದು ಬರೆದಿದ್ದರು. ಫೋಟೊಗಳಲ್ಲಿ ನಾನು ಅಂಕಿಗಳನ್ನಷ್ಟೇ ನೋಡಿದೆ. ಎಲ್ಲವೂ ಜಾಹೀರಾತಿನ ಪ್ರಕಾರವೇ ಇತ್ತು. ತಪ್ಪು ಸಿಗಲಿಲ್ಲವಲ್ಲ ಎಂದು ನಿಜಕ್ಕೂ ಸ್ವಲ್ಪ ನಿರಾಸೆಯಾಯಿತು.

ಹತ್ತೂವರೆಯ ಹೊತ್ತಿಗೆ ಐದರಿಂದ ಎಂಟು ಬಂದವು. ಬ್ಯಾಟರಿಯ ಸಾಮರ್ಥ್ಯ ತೊಂಬತ್ತು ಸಾವಿರ ಮಿಲಿವ್ಯಾಟ್-ಅವರ್ ಇದ್ದದ್ದು ಅರವತ್ತೊಂದು ಸಾವಿರಕ್ಕೆ ಇಳಿದಿತ್ತು. ಚೌಕಾಶಿಗೆ ಒಂದು ದಾರಿ ಸಿಕ್ಕಿತೆಂದು ಖುಷಿಪಟ್ಟೆ. ಎಂಟಕ್ಕೆ ಮಾತ್ರ ಅವರು ವಾಯ್ಸ್ ಮೆಸೇಜ್ ಕಳಿಸಿದ್ದರು.

"ಬೂಷ್ಟು ಒಂಚೂರೂ ಇಲ್ಲ ಮೇಡಂ. ನಮ್ಮ ಕಡೆ ಮಳೆ ಎಂತದು ಅಂತ ಗೊತ್ತುಂಟಲ್ಲ, ಚಪ್ಪಲಿಗೂ ಬೂಷ್ಟು ಬರ್ತದೆ. ಅದಕ್ಕೆ ಜೂನ್‌ನಿಂದ ಒಲೆ ಮೇಲಿನ ಅಟ್ಟದಲ್ಲೇ ಇಟ್ಟಿದ್ದೆ, ಒಣಮೆಣಸಿನ ಡಬ್ಬದ ಪಕ್ಕ. ಬಟ್ಟೆ ಸುತ್ತಿ ಇಟ್ಟದ್ದು. ಆಗಾಗ ಇಳಿಸಿ ಚಾರ್ಜ್ ಫುಲ್ ಮಾಡಿಯೇ ಮೇಲಿಡ್ತಿದ್ದೆ. ಮತ್ತೆ, ಒಂಬತ್ತನೇದು ಈಗ ಓಡ್ತಾ ಉಂಟು. ಮೊದಲು ಇಪ್ಪತ್ತೆರಡು ನಿಮಿಷ ಆಗಿತ್ತು, ಕರೆಂಟ್ ಹೋಯ್ತು. ನೀವು ಹೇಳಿದ ಹಾಗೆ ಪುನಃ ಮೊದಲಿಂದ ಇಟ್ಟಿದ್ದೇನೆ. ಕೊನೇ ನಿಮಿಷದ ವಿಡಿಯೊಕ್ಕೆ ಹೋಗ್ಬೇಕು, ಇಳೀತೇನೆ."

ಅಟ್ಟದ ಮಾತಿಗೆ ಮೊದಲು ನಗು ಬಂತು. ನನ್ನ ತವರಿನಲ್ಲೂ ಬೆಂಕಿಪೆಟ್ಟಿಗೆಯಿಂದ ಹಿಡಿದು ರೇಡಿಯೊವರೆಗೆ ಮಳೆಗೆ ಹೆದರುವುದೆಲ್ಲ ಅಟ್ಟಕ್ಕೇ ಹೋಗುತ್ತಿತ್ತು. ನಗು ಪೂರ್ತಿಯಾಗುವ ಮೊದಲೇ ನಿಂತಿತು. ನಾಲ್ಕು ತಿಂಗಳು ಒಲೆಯ ಶಾಖ, ಅದೂ ತುಂಬಿದ ಚಾರ್ಜಿನ ಜೊತೆ. ಬ್ಯಾಟರಿ ಹಾಳಾಗಲು ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ ಎಂದು ಅದೇ ರಿಪೇರಿಯವನು ಹೇಳಿದ್ದ.

ಬೆಳಗಿನ ಮೊದಲ ಫೋಟೊ ತೆರೆದು, ಅಂಕಿಗಳನ್ನು ಬಿಟ್ಟು ಕೆಳಗಡೆ ದೊಡ್ಡದು ಮಾಡಿ ನೋಡಿದೆ. ಟಚ್‌ಪ್ಯಾಡಿನ ಮುಂದಿನ ಅಂಚು ಎದ್ದಿತ್ತು. ಕೆಳಗೆ ಸಂದಿಯಲ್ಲಿ ಕಪ್ಪು ನೆರಳು, ಒಳಗಿನ ಬ್ಯಾಟರಿ ಊದಿತ್ತು. ಲ್ಯಾಪ್‌ಟಾಪಿನ ಒಂದು ಮೂಲೆ ಮೇಜಿಗೆ ತಾಗಿರಲಿಲ್ಲ. ಹದಿನಾಲ್ಕನೇ ಪ್ರಶ್ನೆಯ ಉತ್ತರ ಒಂದನೇ ಫೋಟೊದಲ್ಲೇ ಇತ್ತು, ನಾನು ಒಂದೂವರೆ ಗಂಟೆಯಿಂದ ಅದನ್ನು ನೋಡುತ್ತಲೇ ಕೂತಿದ್ದೆ. ಫೋಟೊದ ಬಲ ಅಂಚಿನಲ್ಲಿ, ಕಿಟಕಿಯ ಪಕ್ಕ, ಹೂವಿನ ಸೀರೆಯೊಂದು ಹಗ್ಗದಿಂದ ಇಳಿಬಿದ್ದಿತ್ತು. ಕಿಟಕಿಯ ಪರದೆ ಇರಬೇಕು ಎಂದುಕೊಂಡಿದ್ದೆ. ಅದು ತೊಟ್ಟಿಲು.

ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಮತ್ತೆ ಮಾಡಿದೆ. "ತಕ್ಷಣ ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಮಗುವನ್ನು ಹೊರಗೆ ಒಯ್ಯಿರಿ" ಎಂದು ಬರೆದೆ. ಒಂದೇ ಟಿಕ್ಕು ಬಿತ್ತು, ಮೆಸೇಜ್ ತಲುಪಿರಲಿಲ್ಲ. ಕರಿಕೆಗೆ ಹೋಗಬೇಕೆಂದರೆ ಮಡಿಕೇರಿ ದಾಟಿ, ಭಾಗಮಂಡಲ ದಾಟಿ, ಘಟ್ಟ ಇಳಿಯಬೇಕು. ಅಷ್ಟರೊಳಗೆ ಆಗುವುದೆಲ್ಲ ಆಗಿ ಮುಗಿದಿರುತ್ತದೆ. ನನ್ನ ಬಳಿ ಇದ್ದದ್ದು ಅವರ ನಂಬರೊಂದೇ. ಆ ಮನೆಯ ಸುತ್ತ ಯಾರಿದ್ದಾರೆ, ಎಸ್ಟೇಟ್ ಯಾವುದು ಎಂದು ಹದಿನಾಲ್ಕರಲ್ಲಿ ಒಂದು ಪ್ರಶ್ನೆಯನ್ನೂ ನಾನು ಕೇಳಿರಲಿಲ್ಲ.

ಸ್ಟುಡಿಯೊದ ಬಾಗಿಲು ಹಾಕಿಕೊಂಡು ಕೂತೆ. ಭಯವಾಯಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಹೊರಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು, ಯಾರೋ ಪಾಸ್‌ಪೋರ್ಟ್ ಫೋಟೊಕ್ಕೆಂದು ಬಾಗಿಲು ಬಡಿದು ಹೋದರು. ಮೇಜು ಗಟ್ಟಿಯಿರಲಿ ಎಂದವಳು ನಾನು. ಕಿಟಕಿಯ ಹತ್ತಿರ ಇಡಿ ಎಂದವಳೂ ನಾನೇ. ಆ ಕ್ವಾರ್ಟರ್ಸಿನಲ್ಲಿ ಇದ್ದದ್ದು ಒಂದೇ ಕಿಟಕಿ ಇರಬೇಕು, ಅದರ ಗಾಳಿ ಮಗುವಿಗೂ ಬೇಕಾಗಿತ್ತು.

ನಲವತ್ತೈದು ನಿಮಿಷದ ಮೇಲೆ ಫೋನ್ ಟಿಂಗೆಂದಿತು.

"ನಂಬರ್ 9. ಮೊದಲ ನಿಮಿಷ: 112 ವ್ಯಾಟ್, 76 ಡಿಗ್ರಿ, 96 ಫ್ರೇಮ್. ಮೂವತ್ತನೇ ನಿಮಿಷ: 111 ವ್ಯಾಟ್, 83 ಡಿಗ್ರಿ, 94 ಫ್ರೇಮ್. ಮುಗಿಯಿತು."

ಅಷ್ಟು ಒಳ್ಳೆಯ ಅಂಕಿಗಳನ್ನು ನಾನು ಹಳೆಯ ಯಂತ್ರದಲ್ಲಿ ಕಂಡಿರಲಿಲ್ಲ. ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮರುಕ್ಷಣವೇ ಅವರ ಕರೆ ಬಂತು.

"ಎಂತ ಮೇಡಂ, ಇಷ್ಟು ಸಲ ಫೋನ್ ಮಾಡಿದ್ದೀರಿ? ಮೆಸೇಜ್ ಇನ್ನೂ ನೋಡ್ಲಿಲ್ಲ."

"ಮಗು ಎಲ್ಲಿದೆ?"

"ಮಗು ಅಲ್ಲೇ, ತೊಟ್ಟಿಲಲ್ಲಿ. ಲ್ಯಾಪ್‌ಟಾಪಿನ ಫ್ಯಾನ್ ಸದ್ದಿಗೆ ಒಳ್ಳೆ ನಿದ್ದೆ ಬಂದುಬಿಟ್ಟಿದೆ. ಇವಳು ಹಿಂದೆ ಬಟ್ಟೆ ಒಗೀತಿದ್ದಾಳೆ."

"ಲ್ಯಾಪ್‌ಟಾಪ್ ಆಫ್ ಮಾಡಿದ್ರಾ?"

"ಇಲ್ಲ, ಚಾರ್ಜಿಗೇ ಉಂಟು. ಹತ್ತನೇದಕ್ಕೆ ನೂರು ಪರ್ಸೆಂಟ್ ಬೇಕಲ್ಲ."

ನನ್ನ ಸ್ವರ ನನಗೇ ಬೇರೆಯವರದಂತೆ ಕೇಳಿತು. "ಸರ್, ಬ್ಯಾಟರಿ ಊದಿದೆ. ಬೆಂಕಿ ಹತ್ತಬಹುದು. ಹೋಗಿ ಮೊದಲು ಮಗುವನ್ನ ಹೊರಗೆ ತನ್ನಿ. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ. ಹೊಗೆ, ವಾಸನೆ ಏನೂ ಇಲ್ಲದಿದ್ರೆ ಮಾತ್ರ ಲ್ಯಾಪ್‌ಟಾಪ್ ಎತ್ತಿ. ಒತ್ತಬೇಡಿ, ಮುಚ್ಚಬೇಡಿ, ಸಿಮೆಂಟ್ ಕಣದಲ್ಲಿಟ್ಟು ದೂರ ಬನ್ನಿ."

ಅವರು ಓಡಿದರು. ಓಡುವ ಸದ್ದು, ಒಣ ಎಲೆಗಳ ಸದ್ದು, ಉಸಿರು. ಹೆಂಡತಿಯನ್ನು ಕೂಗಿದ ಅರ್ಧ ಮಾತು. ಅಲ್ಲಿಗೆ ಲೈನು ಕಡಿಯಿತು.

ಮತ್ತೆ ಇಪ್ಪತ್ತು ನಿಮಿಷ. ಅದರಲ್ಲಿ ನಾನು ಏನು ಯೋಚಿಸಿದೆ ಎಂದು ಬರೆಯುವುದಿಲ್ಲ.

ಬಂದದ್ದು ಒಂದು ಫೋಟೊ. ಖಾಲಿ ಕಣದ ನಟ್ಟನಡುವೆ ಲ್ಯಾಪ್‌ಟಾಪ್ ತೆರೆದುಕೊಂಡೇ ಬಿದ್ದಿತ್ತು. ಟಚ್‌ಪ್ಯಾಡ್ ಬೆಳಗ್ಗೆ ಇದ್ದದ್ದಕ್ಕಿಂತ ಹೆಚ್ಚು ಎದ್ದು, ಉದ್ದಕ್ಕೂ ಬಿರುಕು ಬಿಟ್ಟಿತ್ತು. ಬದಿಯ ಸೀಳಿನಿಂದ ಬೆಳ್ಳಿಯ ಬಣ್ಣದ ದಿಂಬು ಇಣುಕುತ್ತಿತ್ತು. ಫೋಟೊದ ಅಂಚಿನಲ್ಲಿ ದೂರದಲ್ಲಿ ನಿಂತ ಹೆಂಗಸಿನ ತೋಳು, ತೋಳಿನಲ್ಲಿ ಸುತ್ತಿದ ಮಗು.

ಕೆಳಗೆ ಅವರು ಬರೆದಿದ್ದರು: "ಹೊರಗೆ ತಂದು ಇಟ್ಟೆ. ಬಿಸಿ ಉಂಟು, ಹೊಗೆ ಇಲ್ಲ. ಮಗು ಎದ್ದು ಅಳ್ತಾ ಉಂಟು, ಫ್ಯಾನ್ ಸದ್ದು ನಿಂತಿತಲ್ಲ."

"ತಪ್ಪು ನನ್ನದು" ಎಂದು ಟೈಪ್ ಮಾಡಿದೆ. ಕಳಿಸುವ ಮೊದಲೇ ಅವರ ಇನ್ನೊಂದು ಮೆಸೇಜ್ ಬಂತು. ಈಗ ಪಟ್ಟಿಯನ್ನು ಕೊನೆಯವರೆಗೂ ಓದಿರಬೇಕು.

"ಮೇಡಂ, ನಿಮಗೆ ಗೊತ್ತಿತ್ತಲ್ಲ. ಹದಿನಾಲ್ಕನೇದನ್ನ ಮೊದಲು ಕೇಳಬಹುದಿತ್ತು."