ನಮ್ಮದೇ ಡಬ್ಬಿ

ಇದನ್ನು ಮೂರು ಸಲ ಬರೆದು ಹರಿದಿದ್ದೇನೆ. ಮೂರರಲ್ಲೂ ನಾನು ಇದ್ದದ್ದಕ್ಕಿಂತ ಜಾಣನಾಗಿ ಕಾಣುತ್ತಿದ್ದೆ. ಒಂದರಲ್ಲಂತೂ ಅಕ್ಕ ಕಳಿಸಿದ ಡಬ್ಬಿಯ ಫೋಟೋ ಬಂದ ಕೂಡಲೇ ನನಗೆ ಏನೋ ಅನುಮಾನ ಬಂತು ಎಂದು ಬರೆದಿದ್ದೆ. ಯಾವ ಅನುಮಾನವೂ ಬಂದಿರಲಿಲ್ಲ. ಈ ಸಲ ಫೋನಿನಲ್ಲಿ ಉಳಿದಿರುವ ಆ ನಾಲ್ಕು ಫೋಟೋಗಳನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಅವು ನನ್ನಷ್ಟು ಬೇಗ ಬದಲಾಗುವುದಿಲ್ಲ.

ಶಿರಸಿಯಲ್ಲಿ ನನ್ನದೊಂದು ಔಷಧಿ ಅಂಗಡಿ. ಔಷಧಿ ಕೇಳುವವರಷ್ಟೇ ಜನ ಈಗ ಫೋನು ಹಿಡಿದು ಬರುತ್ತಾರೆ. ‘ಇದು ಒರಿಜಿನಲ್ಲಾ ನೋಡಿ.’ ಜಿಮ್ಮಿಗೆ ಹೋಗುವವರ ಪ್ರೋಟೀನು, ಬಾಣಂತಿಯ ವಿಟಮಿನ್ನು, ಆನ್‌ಲೈನಿನಲ್ಲಿ ತರಿಸಿದ ಏನೇನೋ. ನಾನು ನೋಡುವ ಕ್ರಮವೊಂದಿದೆ. ಮೊದಲು ಎದುರಿನ ಲೇಬಲ್ಲು: ಹೆಸರು ಸರಿ, ಆದರೆ ಅದೇ ಹೆಸರಿನ ಯಾವ ಬಗೆ? ಕಿಡ್ನಿಯವರಿಗೆಂದೇ ಬರುವ ಪೌಡರಿನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಒಂದು, ಇನ್ನೂ ಅಲ್ಲಿಗೆ ಮುಟ್ಟದವರಿಗೆ ಇನ್ನೊಂದು. ಒಂದರಲ್ಲಿ ಪ್ರೋಟೀನು ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಡಬ್ಬಿಗಳು ಮಾತ್ರ ಅಕ್ಕತಂಗಿಯರ ಹಾಗೆ. ಆಮೇಲೆ ಹಿಂದಿನ ಪಟ್ಟಿ, ನೂರು ಗ್ರಾಮಿಗೆ ಎಷ್ಟು ಪ್ರೋಟೀನು, ಎಷ್ಟು ಪೊಟ್ಯಾಸಿಯಂ. ವೈದ್ಯರ ಸಲಹೆಯ ಮೇಲಷ್ಟೇ ಬಳಸಬೇಕೆಂಬ ಸಾಲು ಇದೆಯೇ? ಆಹಾರ ಲೈಸೆನ್ಸಿನ ಹದಿನಾಲ್ಕು ಅಂಕಿಗಳು ಸರಿಯಾದ ಕಂಪನಿಯದೇ? ಅಂಕಿ ಸರಿಯಿದ್ದ ಮಾತ್ರಕ್ಕೆ ಒಳಗಿನದು ಸರಿ ಎಂದಲ್ಲ. ನಕಲಿ ಮಾಡುವವನಿಗೂ ನೋಡಿ ಬರೆಯಲು ಬರುತ್ತದೆ. ಕೊನೆಗೆ ತಳದ ಬ್ಯಾಚ್ ನಂಬರು ಮತ್ತು ತಾರೀಕು. ಅದು ಮಷಿನ್ನು ಆಮೇಲೆ ಹೊಡೆದ ಚುಕ್ಕಿ ಅಕ್ಷರವಾಗಿರಬೇಕು, ಲೇಬಲ್ಲಿನ ಜೊತೆಗೇ ಅಚ್ಚಾದದ್ದಲ್ಲ. ಹೊರಗಿನ ರಟ್ಟಿನ ಪೆಟ್ಟಿಗೆಯ ನಂಬರಿಗೂ ತಳದ್ದಕ್ಕೂ ತಾಳೆಯಾಗಬೇಕು. ಮುಚ್ಚಳದ ಸುತ್ತಿನ ಪ್ಲಾಸ್ಟಿಕ್ ಪಟ್ಟಿ, ಒಳಗೆ ಬಾಯಿಗೆ ಅಂಟಿದ ಬೆಳ್ಳಿ ಹಾಳೆ, ಎರಡೂ ಹರಿದಿರಬಾರದು. ಕೆರೆದು ನೋಡುವ ಗುಪ್ತ ನಂಬರು. ಅದನ್ನು ಒಮ್ಮೆ ಕಂಪನಿಗೆ ಮೆಸೇಜಿನಲ್ಲಿ ಕಳಿಸಿ ಕೇಳಿದರೆ ಅಸಲಿ ಎನ್ನುತ್ತದೆ, ಎರಡನೇ ಸಲ ಕೇಳಿದರೆ ಈಗಾಗಲೇ ಪರೀಕ್ಷಿಸಲಾಗಿದೆ ಎನ್ನುತ್ತದೆ.

ಅಕ್ಕನಿಗೆ ಸಿದ್ದಾಪುರದಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್. ಮನೆಯಲ್ಲಿ ಅವಳು, ಭಾವ. ಪೌಡರ್ ಡಬ್ಬಿಗಳು ನನ್ನ ಅಂಗಡಿಯಿಂದಲೇ ಹೋಗುತ್ತಿದ್ದವು. ಆ ತಿಂಗಳ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಏರಿತ್ತು. ಮೂತ್ರಪಿಂಡ ಹೊರಹಾಕದ ಪೊಟ್ಯಾಸಿಯಂ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಂದು ಮಿತಿ ದಾಟಿದರೆ ಮುನ್ಸೂಚನೆ ಕೊಡದೆ ನಿಲ್ಲಿಸಿಬಿಡಬಹುದು. ಡಾಕ್ಟರು, ಇನ್ನೂ ಚಿಕ್ಕ ಪ್ರಾಯದವರು, ಒಂದೊಂದೇ ಕೇಳಿದರಂತೆ. ಎಳನೀರು? ಬಾಳೆಹಣ್ಣು? ಅಕ್ಕ ಎಲ್ಲದಕ್ಕೂ ಇಲ್ಲ ಎಂದಳು. ಪೌಡರು ಸರಿಯಾದದ್ದೇ ಅಂತ ಒಮ್ಮೆ ನೋಡಿಸಿ ಎಂದು ಅವರು ಹೇಳಿ ಕಳಿಸಿದರು.

ಅಕ್ಕ ಫೋನು ಮಾಡಿದಳು. ‘ತಮಾ, ಡಾಕ್ಟ್ರಿಗೆ ಎನ್ನ ಮೇಲೆ ನಂಬಿಕೆನೇ ಇಲ್ಲೆ. ಕದ್ದು ಎಳನೀರು ಕುಡಿತು ಹೇಳಿ ಲೆಕ್ಕ. ಈಗ ಡಬ್ಬಿ ಮೇಲೂ ಅನುಮಾನ.’

‘ಡಬ್ಬಿ ಫೋಟೋ ಕಳ್ಸು. ಎದುರು, ಹಿಂದೆ, ತಳ, ಮುಚ್ಚಳ ತೆಗೆದು ಒಳಗೆ.’

‘ನಿನ್ನ ಅಂಗಡಿದಕ್ಕೇ ನೀನೇ ಪರೀಕ್ಷೆ ಮಾಡದಾ? ಛಲೋ ಆತು.’

ನಾಲ್ಕು ಫೋಟೋ ಬಂದವು. ಒಂದನೆಯದರಲ್ಲಿ ಡಬ್ಬಿಯ ಪಕ್ಕ ಭಾವನ ಹೆಬ್ಬೆರಳು. ಡಯಾಲಿಸಿಸ್‌ನವರ ಬಗೆಯೇ. ಎರಡನೆಯದರಲ್ಲಿ ಪಟ್ಟಿ, ಎಲ್ಲ ಸರಿ. ಮೂರನೆಯದರಲ್ಲಿ ತಳ. ಬ್ಯಾಚ್ ನಂಬರು ಓದುತ್ತಿದ್ದ ಹಾಗೆ ನನಗೆ ನಗು ಬಂತು. ಅದು ನನ್ನ ಅಂಗಡಿಗೇ ಬಂದ ಬ್ಯಾಚು. ಕಂಪ್ಯೂಟರಿನಲ್ಲಿ ಹುಡುಕಿದೆ, ಸಿಕ್ಕಿತು. ಅವಧಿ ಮುಗಿಯಲು ಇನ್ನೂ ತಿಂಗಳುಗಳಿದ್ದವು. ಕೆರೆದ ನಂಬರನ್ನು ಮತ್ತೆ ಕಳಿಸಿ ನೋಡಿದರೆ ಈಗಾಗಲೇ ಪರೀಕ್ಷಿಸಲಾಗಿದೆ ಎಂದು ಬಂತು. ಬರಲೇಬೇಕು, ಕೊಡುವಾಗ ಕೆರೆದವನು ನಾನೇ. ನಾಲ್ಕನೆಯದು ಡಬ್ಬಿಯ ಒಳಗು: ಬಾಯಿಯ ಅಂಚಿಗೆ ಅಂಟಿ ಉಳಿದ ಬೆಳ್ಳಿ ಹಾಳೆಯ ಚೂರು, ಅರ್ಧಕ್ಕಿಂತ ಮೇಲೆ ಪೌಡರು, ಅದರಲ್ಲಿ ಹುಗಿದ ಚಮಚ.

‘ನಮ್ಮದೇ ಡಬ್ಬಿ. ಒರಿಜಿನಲ್’ ಎಂದು ಕಳಿಸಿದೆ. ಮೇಲೆತ್ತಿದ ಹೆಬ್ಬೆರಳ ಚಿತ್ರವೊಂದನ್ನೂ ಸೇರಿಸಿದ್ದೆ. ಅದು ಫೋನಿನಲ್ಲಿದೆ, ಅಳಿಸಿಲ್ಲ.

ಕೇಳಬೇಕಾಗಿದ್ದ ಪ್ರಶ್ನೆ ಒಂದೇ. ಆ ಬ್ಯಾಚಿನ ಕೊನೆಯ ಡಬ್ಬಿ ಅಕ್ಕನಿಗೆ ಹೋಗಿ ಏಳು ವಾರವಾಗಿತ್ತು, ಆಮೇಲೆ ಅವಳು ಬೇರೆ ತರಿಸಿರಲಿಲ್ಲ. ಒಂದು ಡಬ್ಬಿ ಅವಳಿಗೆ ಹದಿನೈದು ದಿನ ಬಂದರೆ ಹೆಚ್ಚು. ಹಾಗಿದ್ದಮೇಲೆ ಅದು ಇನ್ನೂ ಅರ್ಧಕ್ಕಿಂತ ಮೇಲೆ ತುಂಬಿರುವುದು ಹೇಗೆ? ಒಂದು ಸಂಗತಿ ಕಂಪ್ಯೂಟರಿನಲ್ಲಿ, ಇನ್ನೊಂದು ಫೋನಿನಲ್ಲಿ, ಎರಡೂ ನನ್ನ ಎದುರಿಗೇ ಇದ್ದವು. ನಾನು ನಕಲಿಯ ಗುರುತು ಹುಡುಕುತ್ತಿದ್ದೆ. ಅಸಲಿಯ ಗುರುತುಗಳೆಲ್ಲ ಸಿಕ್ಕಿದ ಮೇಲೆ ಹುಡುಕುವುದನ್ನು ನಿಲ್ಲಿಸಿದೆ.

ಪೌಡರು ಸರಿ ಎಂದು ನಾನು ಹೇಳಿದ್ದರಿಂದ ತಪ್ಪೆಲ್ಲ ಅಕ್ಕನ ತಟ್ಟೆಗೆ ಬಂತು. ತರಕಾರಿಯನ್ನು ಎರಡು ಸಲ ಬೇಯಿಸಿ ನೀರು ಬಸಿದು ತಿಂದಳು. ಸಾರಿಗೆ ಟೊಮೆಟೊ ಬಿಟ್ಟಳು. ಭಾವ ಎಳನೀರಿನ ಬುರುಡೆ ಅಂಗಳದಲ್ಲಿ ಬೀಳದ ಹಾಗೆ ನೋಡಿಕೊಂಡ, ಡಾಕ್ಟರು ಬಂದು ನೋಡುತ್ತಾರೇನೋ ಎಂಬಂತೆ. ಪೌಡರನ್ನು ಮಾತ್ರ, ನಾನು ಹೇಳಿದ್ದೆನಲ್ಲ, ದಿನಕ್ಕೆ ಎರಡು ಹೊತ್ತು ತಪ್ಪದೆ ಕುಡಿದಳು. ಮುಂದಿನ ವಾರದ ವರದಿಯಲ್ಲಿ ಪೊಟ್ಯಾಸಿಯಂ ಇನ್ನೂ ಮೇಲೆ. ಅವತ್ತೇ ಆಸ್ಪತ್ರೆಯಲ್ಲಿ ಉಳಿಸಿಕೊಂಡು ಹೆಚ್ಚುವರಿ ಡಯಾಲಿಸಿಸ್ ಮಾಡಿದರು. ಬಡಿತ ನೋಡಲು ಎದೆಗೆ ತಂತಿ ಅಂಟಿಸಿದ್ದರು ಎಂದು ಭಾವ ಫೋನಿನಲ್ಲಿ ಹೇಳಿದ.

ನಾನು ಮಾರನೇ ದಿನ ಹೋದೆ. ಬೆಳಿಗ್ಗೆ ಎಂದು ನೆನಪು. ಭಾವ ಮಧ್ಯಾಹ್ನ ಎನ್ನುತ್ತಾನೆ. ಅಡುಗೆಮನೆಯ ಕಿಟಕಿಯಲ್ಲಿ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಂದು, ಅದರ ತುಂಬ ನಿಂಬೆಕಾಯಿ ಉಪ್ಪಿನಕಾಯಿ. ಮೈಗೆ ಲೇಬಲ್ಲಿಲ್ಲ. ಆದರೆ ಅಂಟಿನ ಚೌಕ ಬೆಳಕಿಗೆ ಮಂಕಾಗಿ ಕಾಣುತ್ತಿತ್ತು. ಮುಚ್ಚಳದ ಹಲ್ಲುಗಳನ್ನು ನೋಡಿದರೆ ನನ್ನಂಥವನಿಗೆ ಗೊತ್ತಾಗುತ್ತದೆ, ಇದು ಪ್ರೋಟೀನ್ ಪೌಡರಿನದು.

‘ಅಕ್ಕಾ, ಇದು ಯಾವ ಡಬ್ಬಿ?’

‘ಅದಾ? ಇಡಗುಂದಿ ಭಾವ ತಂದಿದ್ದು.’ ಯಲ್ಲಾಪುರದ ಕಡೆಯ ಇಡಗುಂದಿಯಲ್ಲಿರುವ ಭಾವನ ಚಿಕ್ಕಪ್ಪನ ಮಗ ಅವಳನ್ನು ನೋಡಲು ಬಂದಿದ್ದ. ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವವರು ನಮ್ಮಲ್ಲಿಲ್ಲ. ಹಣ್ಣು ಬೇಡ ಎಂದು ಅವಳೇ ಹೇಳಿದ್ದಳು. ‘ಪಾಪ, ಯಂತ ತರ್ಲಿ ಹೇಳಿ ಕೇಳಿದ. ನಿನ್ನ ಭಾವ ಅವಂಗೆ ಡಬ್ಬಿ ಫೋಟೋ ಕಳ್ಸಿದ್ರು. ಅದನ್ನೇ ತೋರ್ಸಿ ತಂದ.’

‘ಅದರ ಪೌಡರ್ ಎಲ್ಲಿದ್ದು?’

‘ನಮ್ಮ ಡಬ್ಬಿಲೇ ಇದ್ದಲಾ. ಇದು ಬಾಯಿ ಅಗಲ, ಉಪ್ಪಿನಕಾಯಿಗೆ ಸಮ ಆಗ್ತಿತ್ತು. ಅದಕ್ಕೇ ಪೌಡರ್ ಎಲ್ಲ ಹಳೆ ಡಬ್ಬಿಗೆ ಸುರ್ದು ಇದನ್ನ ತೊಳ್ದೆ. ಮೂರು ಸಲ ತುಂಬ್ಸಿದ ಮೇಲೇ ಇದು ಖಾಲಿ ಆತು.’

ಭಾವ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ‘ಅದೇ ಪೌಡರ್ ಅಲ್ದನಾ? ಅವ ಫೋಟೋ ತೋರ್ಸೇ ತಂದಿದ್ದು.’

‘ಫೋಟೋ ಕೇಳಿದಾಗ ಇದನ್ನ ಹೇಳ್ಲೆ ಆಗ್ತಿತ್ತಿಲ್ಯನೆ?’

‘ನೀ ಡಬ್ಬಿ ಫೋಟೋ ಕೇಳಿದೆ. ಡಬ್ಬಿ ಫೋಟೋ ಕಳ್ಸಾತು’ ಎಂದಳು ಅಕ್ಕ. ನನ್ನ ಮುಖ ನೋಡಿ ದನಿ ಇಳಿಯಿತು. ‘ಸ್ವಲ್ಪ ಸಿಹಿ ಹೆಚ್ಚಿತ್ತು ಹೇಳಿ ಅನಸ್ತಿತ್ತು.’

ಉಪ್ಪಿನಕಾಯಿಯನ್ನು ಪಾತ್ರೆಗೆ ತೆಗೆದು ಡಬ್ಬಿಯನ್ನು ತಲೆಕೆಳಗು ಮಾಡಿದೆ. ತಳ ಲಕಲಕ ಹೊಳೆಯುತ್ತಿತ್ತು. ಕಪ್ಪು ಅಕ್ಷರವಿದ್ದರೆ ಉಪ್ಪಿನಕಾಯಿಗೆ ಬಣ್ಣ ಬಿಟ್ಟೀತು ಎಂದು ಎಣ್ಣೆ ಸವರಿ ಬೂದಿ ಹಾಕಿ ತಿಕ್ಕಿದ್ದಳಂತೆ. ಹೊರತಳದ ಅಕ್ಷರ ಒಳಗಿನ ನಿಂಬೆಗೆ ಹೇಗೆ ಬಣ್ಣ ಬಿಡುತ್ತದೆ ಎಂದು ನಾನು ಕೇಳಲಿಲ್ಲ. ಲೇಬಲ್ಲು, ಬೆಳ್ಳಿ ಹಾಳೆ, ರಟ್ಟಿನ ಪೆಟ್ಟಿಗೆ ಬಚ್ಚಲ ಒಲೆಗೆ ಹೋಗಿದ್ದವು. ತಂದವನಿಗೆ ಫೋನು ಮಾಡಿದೆ. ಹುಬ್ಬಳ್ಳಿಯ ಯಾವುದೋ ಅಂಗಡಿ, ಫೋಟೋ ತೋರಿಸಿದೆ, ಇದೇ ಕಂಪನಿಯದು ದೊಡ್ಡ ಡಬ್ಬಿ ಇದೆ ಅಂದರು, ಬಿಲ್ಲು ಇಟ್ಟುಕೊಂಡಿಲ್ಲ ಎಂದ. ಆಮೇಲೆ, ‘ಅತ್ತಿಗೆಗೆ ಎಂತಾರೂ ಆತಾ?’ ಎಂದು ಕೇಳಿದ. ಇಲ್ಲ ಎಂದುಬಿಟ್ಟೆ.

ಹಳೆಯ ಡಬ್ಬಿಯ ಪೌಡರನ್ನು ತಟ್ಟೆಗೆ ಸುರಿದೆವು. ಎರಡು ಚಮಚ ಹೊರಬಂದವು. ಒಂದು ನೀಲಿ, ನನಗೆ ಗೊತ್ತಿದ್ದದ್ದು. ಒಂದು ಬಿಳಿ, ಅದರ ಮೇಲೆ ಯಾವ ಗುರುತೂ ಇಲ್ಲ. ಬಂದು ಬೆರೆತ ಪೌಡರು ನಕಲಿಯೋ, ಅಸಲಿಯೇ ಆದರೂ ಆರೋಗ್ಯವಂತರು ಕುಡಿಯುವ ಬೇರೆ ಬಗೆಯೋ, ಅಥವಾ ಸರಿಯಾದದ್ದೇ ದೊಡ್ಡ ಡಬ್ಬಿಯಲ್ಲಿ ಬಂದದ್ದೋ. ಬೆರಳಲ್ಲಿ ಉಜ್ಜಿದೆ, ಮೂಸಿದೆ, ನಾಲಿಗೆಗೆ ಹಾಕಿಕೊಂಡೆ. ಇಪ್ಪತ್ತು ವರ್ಷ ಅಂಗಡಿ ನಡೆಸಿದವನು ತಟ್ಟೆಯ ಮುಂದೆ ಹಾಗೆ ಕೂತಿದ್ದೆ. ತಟ್ಟೆಯಲ್ಲಿ ಬ್ಯಾಚ್ ನಂಬರು ಇರುವುದಿಲ್ಲ.

ಡಾಕ್ಟರು ಆ ಪೌಡರು ನಿಲ್ಲಿಸಿದರು. ಅದೇ ವಾರ ಡಯಾಲಿಸಿಸ್ಸನ್ನು ಮೂರು ಸಲ ಮಾಡಿದರು, ಪೊಟ್ಯಾಸಿಯಂ ಅನ್ನು ಕರುಳಿನಲ್ಲೇ ಹಿಡಿದು ಹೊರಹಾಕುವ ಔಷಧಿಯನ್ನೂ ಕೊಟ್ಟರು. ಮಟ್ಟ ಇಳಿಯಿತು. ಯಾವುದರಿಂದ ಇಳಿಯಿತು ಎಂದು ಕೇಳಿದರೆ, ‘ಇಳಿಯಿತಲ್ಲ ಸರ್’ ಎಂದರು.

ನಾನು ಅಂಗಡಿಯಿಂದ ಹೊಸ ಡಬ್ಬಿ ಒಯ್ದೆ. ಅಕ್ಕನ ಎದುರಿಗೇ ಮುಚ್ಚಳದ ಸುತ್ತಿನ ಹರಿಯದ ಪಟ್ಟಿ ತೋರಿಸಿದೆ, ಪೆಟ್ಟಿಗೆಯ ನಂಬರನ್ನು ತಳದ ನಂಬರಿಗೆ ತಾಳೆ ಮಾಡಿದೆ, ಕೆರೆದೆ, ಅಸಲಿ ಎಂದು ಬಂದ ಉತ್ತರವನ್ನು ಓದಿದೆ. ಅವಳು ಶಾಲೆಯ ಮಗುವಿನ ಹಾಗೆ ಎಲ್ಲ ಕೇಳಿಸಿಕೊಂಡಳು.

‘ಹೋದ ಸಲವೂ ಹಿಂಗೇ ಎಲ್ಲ ಸಮ ಇತ್ತಲಾ ತಮಾ.’

ಅವಳ ದನಿಯಲ್ಲಿ ಚುಚ್ಚುವಿಕೆ ಇರಲಿಲ್ಲ. ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬಂದೆ.

ಅವಳು ಈಗ ಯಾವ ಪೌಡರನ್ನೂ ಕುಡಿಯುವುದಿಲ್ಲ. ಪ್ರತಿ ಸಲದ ಡಯಾಲಿಸಿಸ್ ಮೈಯ ಪ್ರೋಟೀನನ್ನು ಒಂದಿಷ್ಟು ಒಯ್ಯುತ್ತದೆ, ತುಂಬಿಕೊಳ್ಳದೆ ಇದ್ದರೆ ಸೋಲುತ್ತೀರಿ ಎಂದು ಡಾಕ್ಟರು ಹೇಳಿದ್ದಾರೆ. ಮೊಟ್ಟೆ ಅವಳಿಗೆ ಆಗದು. ಬಳೆ ಮೊಣಕೈವರೆಗೆ ಹೋಗುತ್ತದೆ. ಡಾಕ್ಟರು ಬೇರೆ ಕಂಪನಿಯದನ್ನು ಬರೆದುಕೊಟ್ಟರು, ಅದನ್ನೂ ಒಯ್ದೆ, ಅದೂ ಕಪಾಟಿನಲ್ಲಿದೆ. ಭಾವ ಒಮ್ಮೆ ಡಾಕ್ಟರು ಕೊಟ್ಟ ಸ್ಯಾಂಪಲ್ ಪೊಟ್ಟಣವನ್ನು ಹಾಲಿಗೆ ಕದ್ದು ಬೆರೆಸಿ ಕೊಟ್ಟಾಗ ಲೋಟ ಹಾಗೇ ಉಳಿಯಿತು, ಅವಳು ಎರಡು ದಿನ ಮಾತು ಬಿಟ್ಟಿದ್ದಳಂತೆ.

ನಾಲ್ಕನೆಯ ಫೋಟೋವನ್ನು ಈಗ ಮತ್ತೆ ದೊಡ್ಡದು ಮಾಡಿ ನೋಡುತ್ತಿದ್ದೇನೆ. ನೀಲಿ ಚಮಚದ ಎಡಕ್ಕೆ ಪೌಡರಿನಿಂದ ಬಿಳಿಯ ಅಂಚೊಂದು ಎದ್ದಿದೆ. ಎರಡನೇ ಚಮಚವಿರಬಹುದು. ಪೌಡರಿನ ಗಡ್ಡೆಯ ಮೇಲೆ ಬಿದ್ದ ಬೆಳಕೂ ಇರಬಹುದು. ಅವತ್ತು ಅದನ್ನು ಕಂಡೂ ಬಿಟ್ಟೆನೋ, ಕಾಣಲೇ ಇಲ್ಲವೋ, ನನಗೆ ಗೊತ್ತಿಲ್ಲ. ಇನ್ನಷ್ಟು ದೊಡ್ಡದು ಮಾಡಿದರೆ ಚೌಕ ಚೌಕವಾಗಿ ಒಡೆಯುತ್ತದೆ.

ಭಾವ ವಾರಕ್ಕೊಮ್ಮೆ ಫೋಟೋ ಕಳಿಸುತ್ತಾನೆ, ನಾನು ಕೇಳದೆಯೇ. ಕಪಾಟಿನ ಎರಡು ಡಬ್ಬಿಗಳದ್ದು. ನಾನು ಅಭ್ಯಾಸಬಲದಿಂದ ದೊಡ್ಡದು ಮಾಡಿ ಮುಚ್ಚಳದ ಸುತ್ತಿನ ಪ್ಲಾಸ್ಟಿಕ್ ಪಟ್ಟಿ ನೋಡುತ್ತೇನೆ. ಎಲ್ಲೂ ಹರಿದಿಲ್ಲ.