ಹರಿದ ಸೀಲುಗಳ ಲೆಕ್ಕ

ನಮ್ಮವರು ಪಂಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಸ್ಟೋರು ನೋಡಿಕೊಂಡರು. ನಾನು ಅದೇ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದೆ. ಒಂದು ರಬ್ಬರ್ ಸೀಲು ಕೊಡುವುದಕ್ಕೂ ಅವರಿಗೆ ಚೀಟಿ ಬೇಕು. ಕೂರಿಸುವಾಗ ಹರಿದರೆ, ಹರಿದದ್ದನ್ನು ತೋರಿಸಿ ಇನ್ನೊಂದು ಚೀಟಿ. ಫಿಟ್ಟರುಗಳು ಅವರನ್ನು ‘ಚೀಟಿ ಮಾವ’ ಎನ್ನುತ್ತಿದ್ದರು.

ಆಮೇಲೆ ಜಸ್ಟ್ ಇನ್ ಟೈಮ್ ಬಂತು. ಅಂದಂದಿನ ಸಾಮಾನು ಅಂದೇ ಬಂದು ನೇರ ಫಿಟ್ಟರುಗಳ ರ‍್ಯಾಕಿಗೆ ಹೋಗಬೇಕು. ಲೆಕ್ಕದ ಸಾಹೇಬರು ಚೀಟಿ ನಿಲ್ಲಿಸಿದರು. ಮಾರಾಟದ ಎಂಟ್ರಿ ಬಿಟ್ಟರೆ ಇನ್ನೆರಡೇ: ಗೇಟಿನಲ್ಲಿ ಸಾಮಾನು ಇಳಿದಾಗ ಒಂದು, ಪಂಪು ಮುಗಿದು ಪರೀಕ್ಷೆ ದಾಟಿದಾಗ ಒಂದು. ದಾಟಿದ ಪಂಪಿಗೆ ಎಷ್ಟು ಸಾಮಾನು ಬೇಕೋ ಅಷ್ಟನ್ನು ಕಂಪ್ಯೂಟರು ಹಿಂದಕ್ಕೆ ಎಣಿಸಿ ತಾನೇ ಕಳೆಯುತ್ತದೆ. ಅದಕ್ಕೆ ಬ್ಯಾಕ್‌ಫ್ಲಶ್ ಅಂತ ಹೆಸರು.

“ಸಾರ್, ಮಧ್ಯೆ ಹರಿದಿದ್ದು ಯಾರ ಲೆಕ್ಕ? ಸೀಲು ಕೂರಿಸೋ ಕಡೆನೂ ಒಂದು ಎಂಟ್ರಿ ಇಡಿ. ಇಲ್ಲಾ ಹಾಳಾಗಿದ್ದಕ್ಕಾದ್ರೂ ಚೀಟಿ ಇರ್ಲಿ” ಎಂದರು ನಮ್ಮವರು.

“ಚೀಟಿ ಬರೀದಿದ್ರೆ ನಿಮಗೆ ಅನ್ನ ಇಳಿಯಲ್ವಾ ಮಾವ? ರ‍್ಯಾಕಲ್ಲಿರೋದೇ ಒಂದು ಹಿಡಿ ಸಾಮಾನು. ಅದರಲ್ಲಿ ಎಷ್ಟು ಹಾಳಾದೀತು?” ಎಂದರು ಸಾಹೇಬರು.

ಒಂದು ತಿಂಗಳು ಬಂದ ಸೀಲು ಗಡುಸು. ದಿನಕ್ಕೆ ಏಳೆಂಟು ಹರಿಯುತ್ತಿದ್ದವು. ಕೆಲಸ ನಿಲ್ಲಬಾರದೆಂದು ನಮ್ಮವರು ಅಷ್ಟನ್ನು ಹೆಚ್ಚಿಗೆ ತರಿಸಿದರು. ಹರಿದವನ್ನು ಸಂಜೆ ನಾನೇ ಗುಡಿಸಿ ಗುಜರಿ ಗಾಡಿಗೆ ಹಾಕಿದೆ.

ತಿಂಗಳ ಕೊನೆಗೆ ಎಣಿಸಿದರು. ಇಳಿದದ್ದು ಎರಡು ಸಾವಿರದ ಇನ್ನೂರು ಸೀಲು. ದಾಟಿದ್ದು ಎರಡು ಸಾವಿರ ಪಂಪು, ಪಂಪಿಗೊಂದು ಸೀಲು. ಅರ್ಧ ಆದ ಪಂಪು ಒಂದೂ ಇರಲಿಲ್ಲ. ಕಂಪ್ಯೂಟರು ಇನ್ನೂರು ಉಳಿದಿವೆ ಎಂದಿತು. ರ‍್ಯಾಕಿನಲ್ಲಿ ಇದ್ದದ್ದು ಹನ್ನೆರಡು.

“ನೂರ ಎಂಬತ್ತೆಂಟು ಸೀಲು ಎಲ್ಲಿ ಮಾರಿದ್ರಿ?” ಎಂದರು ಸಾಹೇಬರು.

ಫಿಟ್ಟರುಗಳು ತಲೆ ತಗ್ಗಿಸಿದರು. ನಾವೇ ಹರಿದೆವೆಂದರೆ ಸಂಬಳಕ್ಕೆ ಕತ್ತರಿ. ನಾನು ಪೊರಕೆ ಹಿಡಿದೇ ಒಳಗೆ ಹೋದೆ. “ಗುಡಿಸಿದ್ದು ನಾನು ಸಾರ್. ಬೊಗಸೆ ತುಂಬ ಇರ್ತಿತ್ತು.”

“ಗಂಡನಿಗೆ ಹೆಂಡತಿ ಸಾಕ್ಷಿ! ಹೋಗಮ್ಮ, ಕೆಲಸ ನೋಡು.”

ಸಹಿ ಹಾಕಿದರೆ ಪೊಲೀಸಿಗೆ ಕೊಡುವುದಿಲ್ಲ ಎಂದರು. ಸೀಲು ಕಡಿಮೆ ಬಿದ್ದದ್ದಕ್ಕೆ ತಾನೇ ಹೊಣೆ ಎಂದು ಬರೆದ ಕಾಗದಕ್ಕೆ ನಮ್ಮವರು ಸಹಿ ಹಾಕಿ, ಕೆಲಸ ಬಿಟ್ಟು ಹೊರಗೆ ಬಂದರು. ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಓಣಿಯ ಅಂಗಡಿಗೂ ಹೋಗಲಿಲ್ಲ.

ಎರಡು ತಿಂಗಳಾದ ಮೇಲೆ ಒಬ್ಬ ಫಿಟ್ಟರು ಬಂದ. ಬಾಗಿಲಲ್ಲೇ ನಿಂತ.

“ಮಾವ, ಈಗ್ಲೂ ಸೀಲು ಕಡಿಮೆ ಬೀಳ್ತಾ ಇದೆ. ಸಾಹೇಬ್ರಿಗೆ ಈಗ ಗೊತ್ತಾಯ್ತು. ಹಾಳಾದದ್ದಕ್ಕೆ ಚೀಟಿ ಶುರು ಮಾಡಿದಾರೆ.”

ಇವರು ಎದ್ದು ಕುಳಿತರು. “ಹಾಗಾದ್ರೆ ನಾನು ಸಹಿ ಹಾಕಿದ ಕಾಗದ?”

“ಅದು ಫೈಲಲ್ಲೇ ಇದೆ ಮಾವ. ಆ ತಿಂಗಳ ಲೆಕ್ಕ ಮುಚ್ಚಿದಾರಂತೆ, ತೆಗೆಯೋಕಾಗಲ್ಲವಂತೆ.”

ನಮ್ಮವರು ಮತ್ತೆ ಗೋಡೆಯ ಕಡೆ ತಿರುಗಿದರು. ಆಮೇಲೆ ಹನ್ನೊಂದು ತಿಂಗಳು ಬದುಕಿದ್ದರು.