ಮೂರು ಕೆಲಸ, ಒಂದು ಮುರಿದ ಕಾಲು

ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಆದರೂ ಇಪ್ಪತ್ತು ವರ್ಷ ಒಬ್ಬ ಗುತ್ತಿಗೆದಾರನ ಕೆಲಸವನ್ನೆಲ್ಲ ನಿಂತು ಮಾಡಿಸಿದವನೂ ನಾನೇ. ಆಳು ಕೂಡಿಸುವುದು, ಕಲ್ಲು ತರಿಸುವುದು, ವಾಯಿದೆಯೊಳಗೆ ಮುಗಿಸುವುದು ನನ್ನ ಕೆಲಸ. ಕಟ್ಟಡ ಮುಗಿದ ದಿನ ಹಾರ ಹಾಕಿಸಿಕೊಳ್ಳುವುದು ಅವನ ಕೆಲಸ.

ನಮ್ಮ ಭಾಗ ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಸರಕಾರದವರು ಗುತ್ತಿಗೆದಾರರ ಹೊಸ ಯಾದಿ ಮಾಡುತ್ತಾರೆಂದು ಸುದ್ದಿ ಬಂತು. ಯಾದಿಯಲ್ಲಿ ಹೆಸರಿದ್ದರೆ ಸ್ವಂತ ಹೆಸರಿನಲ್ಲಿ ಕೆಲಸ ಹಿಡಿಯಬಹುದು. ಇಲ್ಲದಿದ್ದರೆ ಸಾಯುವತನಕ ಮಂದಿಯ ಕೈಕೆಳಗೆ. ಹಿಂದೆ ಮಾಡಿಸಿದ ಕೆಲಸಗಳ ವಿವರ ಅರ್ಜಿಯ ಜೊತೆ ಕೊಡಬೇಕಾಗಿತ್ತು.

ನಾನು ಅಕ್ಕನ ಗಂಡನ ಬಳಿ ಹೋದೆ. ಆತ ನರಗುಂದದಲ್ಲಿ ಸಾಲಿ ಮಾಸ್ತರ. ನಮ್ಮ ಮನೆತನದಲ್ಲಿ ಅಕ್ಷರಕ್ಕೆಲ್ಲ ಆತನೇ ಯಜಮಾನ. ಆಳುಗಳ ಹಾಜರಿ ಪುಸ್ತಕಗಳನ್ನು ಅವನ ಮುಂದಿಟ್ಟು, "ಮಾವಾರ, ನೀವ ಬರದು ಕೊಡ್ರಿ" ಎಂದೆ.

"ನೀ ಸುಮ್ನ ಕೂಡು. ಸಾಹೇಬ ಓದಿ ಎದ್ದು ನಿಲ್ಲಬೇಕು, ಹಂಗ ಬರೀತೀನಿ" ಎಂದ.

ನಾಲ್ಕು ಹಾಳಿ ಬರೆದ. ಮುತ್ತು ಪೋಣಿಸಿದಂಥ ಅಕ್ಷರ. ಮೊದಲ ಎರಡು ಹಾಳಿಯಲ್ಲಿ ನನ್ನ ಪರಿಶ್ರಮ, ಪ್ರಾಮಾಣಿಕತೆ, ವಂಶದ ಹಿರಿಮೆ. ಓದುತ್ತ ಓದುತ್ತ ನನಗೇ ನನ್ನ ಮೇಲೆ ಗೌರವ ಬಂತು. ಆ ಉಬ್ಬಿನಲ್ಲಿ ಉಳಿದೆರಡು ಹಾಳಿ ನೋಡಲೇ ಇಲ್ಲ.

ರೋಣದ ಕಚೇರಿಯಲ್ಲಿ ಇಂಜಿನಿಯರ ಸಾಹೇಬರು ಮೊದಲೆರಡು ಹಾಳಿಯನ್ನು ಓದದೆ ತಿರುವಿದರು. ಮೂರನೆಯದರಲ್ಲಿ ಬೆರಳಿಟ್ಟು ಕೇಳಿದರು.

"ಶಿರೋಳದ ಹಳ್ಳದ ಸೇತುವೆಗೆ ಮೂರು ಸಾವಿರದ ಆರುನೂರು ಆಳು ಹಚ್ಚಿದ್ದೇನು?"

ನಾನು ಜೊತೆಗೆ ಬಂದಿದ್ದ ಮಾವನ ಮುಖ ನೋಡಿದೆ. ಮಾವ ಎದೆ ಸೆಟೆಸಿ, "ಹೌದ್ರಿ, ಹಾಜರಿ ನೋಡೇ ಕೂಡಿಸೇನ್ರಿ" ಎಂದ.

"ಊರಾಗಿನ ತೊಟ್ಟಿಲ ಕೂಸು ಸೈತ ಬಂದಿದ್ದವೇನ್ರಿ, ಮಾಸ್ತರ?"

ಆಗ ನನಗೆ ಹೊಳೆಯಿತು. ಮೂವತ್ತು ಆಳು ನೂರಾ ಇಪ್ಪತ್ತು ದಿನ ದುಡಿದಿದ್ದರು. ದಿನದಿನದ ಹಾಜರಿಯನ್ನೆಲ್ಲ ಕೂಡಿಸಿ ಈ ಪುಣ್ಯಾತ್ಮ ದಂಡು ಕಟ್ಟಿಬಿಟ್ಟಿದ್ದ. ಹುಡುಗರಿಗೆ ಲೆಕ್ಕ ಕಲಿಸುವವನೂ ಇವನೇ.

ಸಾಹೇಬರು ಬಿಳಿ ಹಾಳಿ ಕೊಟ್ಟರು. "ಒಂದು ಕೆಲಸಕ್ಕ ಒಂದು ನಮೂದು. ಎಷ್ಟು ರೂಪಾಯಿದು, ವಾಯಿದೆ ಎಷ್ಟು, ಮುಗಿದದ್ದು ಯಾವಾಗ, ದಿನಕ್ಕ ಎಷ್ಟು ಆಳು, ಯಾರಿಗರೆ ಪೆಟ್ಟಾತೇನು. ಯಾರ ಕೈಕೆಳಗ ಮಾಡಿದಿ ಅದೂ ಬರಿ. ನಿನ್ನ ಕೈಲೆ ಬರಿ."

ಪಡಸಾಲೆಯಲ್ಲಿ ಕೂತು ಬರೆದೆ. ಯಾವಗಲ್ ಊರಿನ ಸಾಲಿ ಕಟ್ಟಡ: ಹನ್ನೆರಡು ಸಾವಿರ, ವಾಯಿದೆ ಆರು ತಿಂಗಳು, ಆರರಲ್ಲೇ ಮುಗಿಯಿತು, ದಿನಕ್ಕೆ ಹದಿನೆಂಟು ಆಳು. ಪೆಟ್ಟಿನ ಮಾತು ಬಂದಾಗ ಮಾವ ಕಿವಿಯಲ್ಲಿ ಪಿಸುಗುಟ್ಟಿದ.

"ಇಲ್ಲ ಅಂತ ಬರಿಯೋ. ಎಲ್ಲಾರೂ ಹಂಗ ಬರೀತಾರ."

"ಅಟ್ಟಣಿಗಿ ಮ್ಯಾಲಿಂದ ಬಿದ್ದು ಕಲ್ಲು ಕಟ್ಟೋ ಗವಂಡಿ ಕಾಲು ಮುರಕೊಂಡಾನ್ರಿ. ಇವತ್ತಿಗೂ ಕುಂಟತಾನ."

"ಅವ ಇಲ್ಲಿಗಿ ಕುಂಟಿಕೋತ ಬರ್ತಾನೇನು?"

ಕಾಲು ಮುರಿದದ್ದನ್ನೇ ಬರೆದೆ. ರೋಣದ ಹತ್ತಿ ಗೋದಾಮನ್ನೂ ಬರೆದೆ. ಸೇತುವೆ ಹಳ್ಳದ ನೀರಿನಿಂದ ಇಪ್ಪತ್ತು ದಿನ ತಡವಾದದ್ದನ್ನೂ ಬರೆದೆ. ನನ್ನ ಅಕ್ಷರ ಕಾಗೆ ಕಾಲಿನಂತೆ ಕಾಣುತ್ತಿತ್ತು.

ಸಾಹೇಬರು ಓದುತ್ತ ಮುರಿದ ಕಾಲಿನ ಮಾತಿನ ಹತ್ತಿರ ನಿಂತರು. ಕಾರಕೂನನಿಗೆ ಹೇಳಿದರು: "ಇಷ್ಟು ಅರ್ಜಿ ಬಂದಾವು, ಒಂದರಾಗೂ ಒಬ್ಬಗೂ ಪೆಟ್ಟಿಲ್ಲ. ಅವರ ಅಟ್ಟಣಿಗಿಂದ ಮಂದಿ ಮ್ಯಾಲಕ್ಕ ಬೀಳ್ತಾರೋ ಏನೋ." ನನ್ನ ಕಡೆ ತಿರುಗಿದರು. "ಬಿದ್ದ ಮ್ಯಾಲ ಏನ್ ಮಾಡಿದಿ?"

"ದವಾಖಾನಿಗಿ ಒಯ್ದೆ. ಮರುದಿನದಿಂದ ಅಟ್ಟಣಿಗಿ ಅಂಚಿಗಿ ಎರಡು ಸಾಲು ಬಿದಿರು ಅಡ್ಡ ಕಟ್ಟಸ್ತೀನ್ರಿ. ದಿನಾ ಮುಂಜಾನಿ ಹಗ್ಗ ನಾನ ಜಗ್ಗಿ ನೋಡ್ತೀನಿ. ಆಮ್ಯಾಲ ಯಾರೂ ಬಿದ್ದಿಲ್ಲ."

"ಇದನ್ಯಾಕ ಬರಿಲಿಲ್ಲ?"

"ಕೊಚ್ಚಿಕೊಂಡಂಗ ಆಗ್ತದಂತ..."

"ನಾಕು ಹಾಳಿ ಕೊಚ್ಚಿಕೊಂಡು ಬಂದು ಈಗ ನಾಚಿಕಿ ಬಂತೇನು? ಬರಿ."

ಬರೆದೆ. ಅವರು ಕಚೇರಿಯ ಹಳೆ ಕಾಗದ ತೆಗೆಸಿ ಮೂರೂ ನಮೂದನ್ನು ತಾಳೆ ನೋಡಿಸಲು ಹೇಳಿ, ನಮ್ಮನ್ನು ಕಳಿಸಿದರು. ಬಸ್ಸಿನಲ್ಲಿ ಮಾವ, "ಏನೇ ಅನ್ನು, ನಿನ್ನ ಅಕ್ಷರ ಭಾಳ ಹೊಲಸು" ಎಂದ.

ತಿಂಗಳಾದ ಮೇಲೆ ಕಾಗದ ಬಂತು. ಹೆಸರು ಯಾದಿಗೆ ಹತ್ತಿತ್ತು, ಆದರೆ ಮೂರನೇ ದರ್ಜೆಗೆ, ಅಂದರೆ ಸಣ್ಣ ಕೆಲಸಗಳಿಗಷ್ಟೇ. ನಾನು ಕೇಳಿದ್ದು ಎರಡನೇದು. ಸ್ವಂತ ಹೆಸರಿನ ಕೆಲಸ ಒಂದೂ ಇಲ್ಲ, ಸೇತುವೆ ತಡ ಎಂದು ಕಾರಣ ಕೊಟ್ಟಿದ್ದರು. ಎರಡೂ ನಾನೇ ಬರೆದುಕೊಟ್ಟದ್ದು. ಎರಡು ದಿನ ಉಣ್ಣುವಾಗಲೂ ಸಿಟ್ಟಿನಲ್ಲಿದ್ದೆ. ಮೂರನೇ ದಿನ ಗಜೇಂದ್ರಗಡದ ದವಾಖಾನೆಯ ಹೊರಗೋಡೆಯ ಕೆಲಸಕ್ಕೆ ಟೆಂಡರು ಹಾಕಿದೆ.

ಟೆಂಡರು ನನಗೇ ಆಯಿತು. ಅದು ನನ್ನ ಹೆಸರಿನ ಮೊದಲ ಕೆಲಸ. ಮುಗಿದ ಸಂಜೆ ಕಲ್ಲಿನ ಮೇಲೆ ಕೂತು ನಮೂದು ಬರೆದೆ: ನಾಲ್ಕು ಸಾವಿರ, ಎರಡು ತಿಂಗಳ ವಾಯಿದೆ, ಆರು ದಿನ ಮೊದಲೇ ಮುಗಿದದ್ದು, ದಿನಕ್ಕೆ ಹನ್ನೊಂದು ಆಳು. ಪೆಟ್ಟು ಇಲ್ಲ ಎಂದು ಬರೆಯುವ ಮೊದಲು ಹನ್ನೊಂದೂ ಮಂದಿಯನ್ನು ಸಾಲಾಗಿ ನಿಲ್ಲಿಸಿ ಕೈಕಾಲು ನೋಡಿದೆ.